ತಾತನ ಫೋನಿಗೆ ಅಜ್ಜಿಯ ಹಾಡು

ಯುಗಾದಿ ಮುಗಿದು ಒಂದು ವಾರವಾಗಿತ್ತು. ನಮ್ಮೂರಿನ ತಾತ ಒಬ್ಬರು ಸಂಜೆ ಹೊತ್ತಿಗೆ ನಮ್ಮ ರೂಮಿಗೆ ಬಂದು, ಜೇಬಿನಿಂದ ಕೀಪ್ಯಾಡ್ ಫೋನ್ ತೆಗೆದು ಮೇಜಿನ ಮೇಲಿಟ್ಟು, ಏನೂ ಮಾತಾಡದೆ ಕುರ್ಚಿಯಲ್ಲಿ ಕುಳಿತರು. ಫೋನ್ ಕೆಟ್ಟಿರಬೇಕು ಅಂದುಕೊಂಡೆವು. ನಾವು ಮೂವರೂ ಓದಿದ್ದು ಪತ್ರಿಕೋದ್ಯಮ. ಆದರೆ ಊರಿನವರ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಇರುವವರೆಲ್ಲ ಫೋನ್ ರಿಪೇರಿಯವರೇ. ಚಾರ್ಜ್ ನಿಲ್ಲುತ್ತಿಲ್ಲವಾ ತಾತಾ ಅಂತ ಕೇಳಿದೆವು.

"ಫೋನ್ ಚೆನ್ನಾಗೈತೆ. ಅವತ್ತು ಮದ್ವೆ ಮನೇಲಿ ನಿಮ್ಮಜ್ಜಿ ಹಾಡು ಹಿಡ್ಕೊಂಡಿದ್ರಲ್ಲ, ಅದು ಇನ್ನೂ ಐತಾ ಮಗಾ?" ಅಂದರು.

ಇತ್ತು. ಕಾಲೇಜಿನ ಕೊನೆಯ ವರ್ಷ ರೇಡಿಯೊ ಕಾರ್ಯಕ್ರಮ ಮಾಡಿ ಒಪ್ಪಿಸಬೇಕಿತ್ತು. ವಿಷಯ ಹುಡುಕಿಕೊಂಡು ದೂರ ಹೋಗುವ ಬದಲು ಊರಲ್ಲೇ ಒಂದು ಮದುವೆ ಮನೆಗೆ ರೆಕಾರ್ಡರ್ ತಗೊಂಡು ಹೋಗಿದ್ದೆವು. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು, ಪಕ್ಕದಲ್ಲಿ ಹೆಂಗಸರು ತರಕಾರಿ ಹೆಚ್ಚುತ್ತಾ ಸೋಬಾನೆ ಹೇಳುತ್ತಿದ್ದರು. ಮೊದಲ ಸೊಲ್ಲು ಎತ್ತುತ್ತಿದ್ದವರು ಈ ತಾತನ ಹೆಂಡತಿ. ಒಂದು ಹಾಡು ಪೂರ್ತಿ ಸಿಕ್ಕಿತ್ತು, 4 ನಿಮಿಷ 12 ಸೆಕೆಂಡ್. ಕಾರ್ಯಕ್ರಮಕ್ಕೆ ಬಳಸಿದ್ದು ಅದರಲ್ಲಿ ಇಪ್ಪತ್ತು ಸೆಕೆಂಡ್ ಮಾತ್ರ. ಅಜ್ಜಿ ಹೋದ ವರ್ಷ ಕಾರ್ತೀಕದಲ್ಲಿ ತೀರಿಕೊಂಡರು. ಫೈಲ್ ಒಂದು ಹಳೇ ಪೆನ್‌ಡ್ರೈವ್‌ನಲ್ಲಿ ಬೇರೆ ನೂರಾರು ಫೈಲುಗಳ ನಡುವೆ ಬಿದ್ದಿತ್ತು. ಹುಡುಕುವಷ್ಟು ಹೊತ್ತು ನಮ್ಮ ಜೀವ ಬಾಯಿಗೆ ಬಂದಿತ್ತು. ಅದನ್ನು ತಾತನಿಗೆ ಹೇಳಲಿಲ್ಲ.

"ಫೋನ್ ಬಡ್ಕೊಂಡಾಗ ಅದು ಬರ್ಬೇಕು" ಅಂದರು ತಾತ.

ಇಲ್ಲಿ ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಕೊಂಡೆವು. ಯಾಕೆಂದರೆ ಊರಲ್ಲಿ ಎರಡನ್ನೂ ಒಂದೇ ಹೆಸರಲ್ಲಿ ಕರೆಯುವವರು ಇದ್ದಾರೆ. ನಾವು ಯಾರಿಗಾದರೂ ಫೋನ್ ಮಾಡಿದಾಗ ನಮ್ಮ ಕಿವಿಗೆ ಕೇಳಿಸುವ ಹಾಡು ಕಾಲರ್ ಟ್ಯೂನ್. ಅದು ಇರುವುದು ಸಿಮ್ ಕಂಪನಿಯವರ ಹತ್ತಿರ, ನಮ್ಮ ಫೋನಿನಲ್ಲಲ್ಲ. ನಮಗೆ ಫೋನ್ ಬಂದಾಗ ನಮ್ಮ ಸೆಟ್ಟಿನಲ್ಲೇ ಮೊಳಗುವುದು ರಿಂಗ್‌ಟೋನ್. ಅದು ನಮ್ಮ ಫೋನಿನೊಳಗಿನ ಒಂದು ಫೈಲ್ ಅಷ್ಟೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ತಾತನಿಗೆ ಬೇಕಾಗಿದ್ದು ಎರಡನೆಯದು. "ಬೇರೇರಿಗೆ ಯಾಕೆ ಕೇಳಿಸ್ಬೇಕು, ನಂಗೆ ಕೇಳಿಸ್ಲಿ" ಅಂದರು.

ಹಾಡಿನ ಯಾವ ಭಾಗ ಬೇಕು ಅನ್ನುವುದನ್ನು ನಾವೇ ತೀರ್ಮಾನಿಸಿಬಿಡುವವರಿದ್ದೆವು. ಪುಣ್ಯಕ್ಕೆ ನಮ್ಮಲ್ಲಿ ಒಬ್ಬಳು ತಾತನನ್ನೇ ಕೂರಿಸಿಕೊಂಡು ಪೂರ್ತಿ ಹಾಡು ಹಾಕಿದಳು. ಮೊದಲ ಇಪ್ಪತ್ತು ಸೆಕೆಂಡ್ ಹಾಡೇ ಇಲ್ಲ. ಯಾರೋ ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಇನ್ಯಾರೋ ನೀನೇ ಶುರು ಮಾಡೇ ಅನ್ನುತ್ತಾರೆ. ಸಿನಿಮಾ ಹಾಡಿನಲ್ಲಿ ಪಲ್ಲವಿಗೆ ಮುಂಚೆ ಬರುವ ಉದ್ದದ ವಾದ್ಯದ ಹಾಗೆ ಇದು. ಫೈಲನ್ನು ಹಾಗೇ ರಿಂಗ್‌ಟೋನ್ ಮಾಡಿಟ್ಟರೆ ಹಾಡು ಶುರುವಾಗುವ ಮೊದಲೇ ನಾವು ಫೋನ್ ಎತ್ತಿರುತ್ತೇವೆ. ಅದಕ್ಕೇ ಭಾಗ ಕತ್ತರಿಸುವುದು. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಹೇಳಿದರೆ ಉಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ಹಾಗಾಗಿ ಕತ್ತರಿಸಬೇಕಾದ ಜಾಗ ಸುಲಭವಾಗಿ ಗೊತ್ತಾಗುತ್ತದೆ. ಹಿಂದಿನವರ ದನಿ ನಿಂತು, ಮುಂದಿನ ಸೊಲ್ಲಿಗೆ ಅಜ್ಜಿ ಉಸಿರು ಎಳೆದುಕೊಳ್ಳುವ ಕಡೆ.

ತಾತ ಕಣ್ಣು ಮುಚ್ಚಿ ಕೇಳುತ್ತಿದ್ದರು. 2 ನಿಮಿಷ ದಾಟಿದ ಮೇಲೆ ಹಿನ್ನೆಲೆಯಲ್ಲಿ ಯಾರದೋ ಕೈಯಿಂದ ಸೌಟು ಬೀಳುತ್ತದೆ. ಅಜ್ಜಿಗೆ ನಗು ಬರುತ್ತದೆ. ಒಂದೂವರೆ ಸೆಕೆಂಡಿನ ಸಣ್ಣ ನಗು, ಬಾಯಿಗೆ ಸೆರಗು ಅಡ್ಡ ಹಿಡಿದ ಹಾಗೆ. ಆಮೇಲೆ ಏನೂ ಆಗದವರಂತೆ ಮುಂದಿನ ಸೊಲ್ಲು ಎತ್ತುತ್ತಾರೆ. ತಾತ ಕಣ್ಣು ಬಿಟ್ಟರು.

"ಇದು ಇರ್ಲಿ."

ಸರಿ ಅಂದೆವು. ಅಷ್ಟು ಸುಲಭವಲ್ಲ ಅಂತ ಆಗ ಗೊತ್ತಿರಲಿಲ್ಲ.

ಎಷ್ಟು ಉದ್ದ ಇರಬೇಕು ಅನ್ನುವ ಲೆಕ್ಕ ಮಾತ್ರ ನಮಗೆ ಗೊತ್ತಿತ್ತು. ಯಾರೂ ಎತ್ತದಿದ್ದರೆ ಮೊಬೈಲ್ ಎಷ್ಟು ಹೊತ್ತು ಹೊಡೆದುಕೊಳ್ಳಬೇಕು ಅನ್ನುವುದನ್ನು 2019ರ ನವೆಂಬರ್‌ನಲ್ಲಿ ಟ್ರಾಯ್ ಗೊತ್ತುಪಡಿಸಿತು. ಮೊಬೈಲಿಗೆ 30 ಸೆಕೆಂಡ್, ತಂತಿ ಫೋನಿಗೆ 60 ಸೆಕೆಂಡ್. ಹಾಗಾಗಿ 30 ಸೆಕೆಂಡಿಗಿಂತ ಉದ್ದದ ತುಣುಕು ಮಾಡಿದರೆ ಉಳಿದದ್ದು ಯಾರಿಗೂ ಕೇಳಿಸುವುದೇ ಇಲ್ಲ. ತುಣುಕು ಚಿಕ್ಕದಾದರೆ ಫೋನ್ ಅದನ್ನೇ ಮತ್ತೆ ಮೊದಲಿಂದ ಹಾಡುತ್ತದೆ. 25 ಸೆಕೆಂಡಿನ ಆಸುಪಾಸು ಇದ್ದರೆ ಸಾಕು.

ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ಉಚಿತ ತಂತ್ರಾಂಶ ಇದೆ, ಕಾಲೇಜಿನಲ್ಲಿ ಕಲಿತದ್ದು ಅದರಲ್ಲೇ. ಅದರಲ್ಲಿ ಫೈಲ್ ತೆರೆದರೆ ಹಾಡು ಚಿತ್ರವಾಗಿ ಕಾಣುತ್ತದೆ. ಜೋರು ದನಿ ಇದ್ದಲ್ಲಿ ಅಲೆ ದಪ್ಪ, ಸುಮ್ಮನಿದ್ದಲ್ಲಿ ಬರೀ ಗೆರೆ. ಇಲಿ ಹಿಡಿದು ಎಳೆದರೆ ಬೇಕಾದ ಭಾಗಕ್ಕೆ ಬಣ್ಣ ಬರುತ್ತದೆ, ಸ್ಪೇಸ್ ಬಾರ್ ಒತ್ತಿದರೆ ಅಷ್ಟೇ ಭಾಗ ಹಾಡುತ್ತದೆ. ನಾವು 1 ನಿಮಿಷ 41ನೇ ಸೆಕೆಂಡಿನಿಂದ ಹಿಡಿದೆವು. ಅಲ್ಲಿ ಅಜ್ಜಿ ಒಂದು ಹೊಸ ಸೊಲ್ಲು ಎತ್ತುತ್ತಾರೆ. 2 ನಿಮಿಷ 8.5 ಸೆಕೆಂಡಿಗೆ ನಿಲ್ಲಿಸಿದೆವು. ನಗು ಮುಗಿದು ಮುಂದಿನ ಸೊಲ್ಲು ಶುರುವಾಗುವ ಮುಂಚಿನ ಜಾಗ ಅದು. ಒಟ್ಟು 27.5 ಸೆಕೆಂಡ್. `Ctrl+T` ಒತ್ತಿದರೆ ಬಣ್ಣ ಬಂದ ಭಾಗ ಉಳಿದು ಮಿಕ್ಕಿದ್ದು ಹೋಗುತ್ತದೆ. ತಪ್ಪಿದರೆ `Ctrl+Z` ಇದ್ದೇ ಇದೆ.

ಇನ್ನು ಫೇಡ್. ಹಾಡನ್ನು ನಡುವೆ ಕತ್ತರಿಸಿದರೆ ಕತ್ತರಿಸಿದ ಜಾಗದಲ್ಲಿ ಟಕ್ ಅನ್ನುವ ಸದ್ದು ಬರುತ್ತದೆ. ಅಲೆ ಮೇಲೆ ಕೆಳಗೆ ಆಡುತ್ತಿರುವಾಗ ಅರ್ಧದಲ್ಲಿ ಕೊಯ್ದಿರುತ್ತೇವಲ್ಲ, ಸ್ಪೀಕರ್ ಸುಮ್ಮನಿದ್ದ ಜಾಗದಿಂದ ಒಮ್ಮೆಲೇ ಅಲೆಯ ತುದಿಗೆ ಹಾರಬೇಕು. ಆ ಹಾರಾಟವೇ ಟಕ್. ಜೊತೆಗೆ ತುಣುಕು ಮುಗಿದು ಮತ್ತೆ ಮೊದಲಿಂದ ಶುರುವಾಗುವಾಗ ಯಾರೋ ಬಾಯಿ ಮುಚ್ಚಿ ಬಿಟ್ಟ ಹಾಗೆ ಕೇಳಿಸುತ್ತದೆ. ಅದಕ್ಕಾಗಿ ಶುರುವಿನಲ್ಲಿ ದನಿಯನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುವುದು ಫೇಡ್ ಇನ್. ಕೊನೆಯಲ್ಲಿ ನಿಧಾನವಾಗಿ ಸೊನ್ನೆಗೆ ಇಳಿಸುವುದು ಫೇಡ್ ಔಟ್.

ಆಡಾಸಿಟಿಯ `Effect` ಮೆನುವಿನಲ್ಲಿ `Fade In`, `Fade Out` ಎರಡೂ ಇವೆ. ಎಷ್ಟು ಸೆಕೆಂಡ್ ಅಂತ ಅದು ಕೇಳುವುದಿಲ್ಲ. ನಾವು ಒತ್ತಿದೆವು. ಮೊದಲು ಇದು, ಆಮೇಲೆ ಅದು. ಫೈಲನ್ನು ಎಂಪಿ3 ಮಾಡಿ, ತಾತನ ಫೋನಿನ ಮೆಮೊರಿ ಕಾರ್ಡಿಗೆ ಹಾಕಿ, ರಿಂಗ್‌ಟೋನ್ ಜಾಗದಲ್ಲಿ ಅದನ್ನೇ ಆರಿಸಿ ಕೊಟ್ಟೆವು. ರೂಮಿನಲ್ಲಿ ಒಂದು ಸಲ ಫೋನ್ ಮಾಡಿ ನೋಡಿದಾಗ ಚೆನ್ನಾಗೇ ಕೇಳಿಸಿತು. ತಾತ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡು ಹೋದರು.

ಮಾರನೇ ದಿನ ಬೆಂಗಳೂರಿನಿಂದ ಅವರ ಮಗಳು ನಮಗೆ ಫೋನ್ ಮಾಡಿ ರೇಗಿದಳು. ಅಪ್ಪ ಬೆಳಗ್ಗೆಯಿಂದ ಫೋನೇ ಎತ್ತುತ್ತಿಲ್ಲ, ಒಬ್ಬರೇ ಇರುವ ಮನೆ, ಏನಾಯಿತೋ ಅಂತ ಎದೆ ಹೊಡೆದುಕೊಳ್ಳುತ್ತಿದೆ, ಸ್ವಲ್ಪ ಹೋಗಿ ನೋಡಿ ಅಂದಳು. ಓಡಿದೆವು. ತಾತ ತೋಟದಲ್ಲಿ ಆರಾಮಾಗಿ ಪಾತಿ ಸರಿ ಮಾಡುತ್ತಿದ್ದರು. ಫೋನ್ ಪಕ್ಕದ ಕಲ್ಲಿನ ಮೇಲೆ, ಟವೆಲ್ಲಿನ ಅಡಿಯಲ್ಲಿ. ಏಳು ಮಿಸ್ಡ್ ಕಾಲ್.

"ಬಡ್ಕೊಳ್ಳೇ ಇಲ್ವಲ್ಲ ಮಗಾ" ಅಂದರು.

ಬಡಿದುಕೊಂಡಿತ್ತು. ಅವರಿಗೆ ಕೇಳಿಸಿರಲಿಲ್ಲ. ರೂಮಿಗೆ ಬಂದು ಫೈಲ್ ತೆರೆದು ನೋಡಿದಾಗ ತಪ್ಪು ಕಣ್ಣಿಗೇ ಕಂಡಿತು. ಚಿತ್ರ ಕರ್ಜಿಕಾಯಿಯ ಹಾಗೆ ಆಗಿತ್ತು. ಎರಡೂ ತುದಿ ಚೂಪು, ನಡುವೆ ಒಂದಿಷ್ಟು ಉಬ್ಬು. ಆಡಾಸಿಟಿಯ ಫೇಡ್ ಎಷ್ಟು ಭಾಗಕ್ಕೆ ಬಣ್ಣ ಬಂದಿದೆಯೋ ಅಷ್ಟಕ್ಕೂ ಹರಡಿಕೊಳ್ಳುತ್ತದೆ. ನಾವು ಕತ್ತರಿಸಿದ ಮೇಲೆ ಪೂರ್ತಿ ತುಣುಕಿಗೆ ಬಣ್ಣ ಇದ್ದ ಹಾಗೇ ಒತ್ತಿಬಿಟ್ಟಿದ್ದೆವು. ಅಂದರೆ ದನಿ ಏರುವುದಕ್ಕೆ 27.5 ಸೆಕೆಂಡ್, ಇಳಿಯುವುದಕ್ಕೂ ಅದೇ 27.5 ಸೆಕೆಂಡ್, ಎರಡೂ ಒಂದರ ಮೇಲೊಂದು. ನಟ್ಟನಡುವೆ ಏರಿಕೆಯ ಅರ್ಧ, ಇಳಿಕೆಯ ಅರ್ಧ. ಅರ್ಧದಲ್ಲಿ ಅರ್ಧ ಕಾಲು. ಅತಿ ಜೋರಾದ ಜಾಗದಲ್ಲೂ ಅಜ್ಜಿಯ ದನಿ ಕಾಲು ಭಾಗದ ಮೇಲೆ ಹೋಗಲೇ ಇಲ್ಲ. ರೂಮಿನಲ್ಲಿ ನಾವು ಕಿವಿಗೊಟ್ಟು ಕಾಯುತ್ತಿದ್ದರಿಂದ ಕೇಳಿಸಿತು. ತೋಟದಲ್ಲಿ ಯಾರು ಕಾಯುತ್ತಾರೆ?

ಸರಿಯಾದ ಕ್ರಮ ಸುಲಭ. ತುಣುಕಿನ ಮೊದಲ ಒಂದು ಸೆಕೆಂಡಿಗೆ ಮಾತ್ರ ಬಣ್ಣ ಹಿಡಿದು `Fade In` ಒತ್ತಬೇಕು. ಆ ಬಣ್ಣ ತೆಗೆದು, ಕೊನೆಯ ಎರಡು ಸೆಕೆಂಡಿಗೆ ಮಾತ್ರ ಹಿಡಿದು `Fade Out` ಒತ್ತಬೇಕು. ಆಗ ಚಿತ್ರ ತುದಿ ಸ್ವಲ್ಪ ಸವೆದ ಹಲಗೆಯ ಹಾಗೆ ಕಾಣುತ್ತದೆ, ನಡುವೆ ಒಂದೇ ದಪ್ಪ. ಮೊಬೈಲಿನಲ್ಲೇ ಮಾಡುವವರಿಗೆ ಈ ತಪ್ಪು ಆಗುವುದು ಕಡಿಮೆ. ಪ್ಲೇ ಸ್ಟೋರಿನಲ್ಲಿ ಸಿಗುವ ರಿಂಗ್‌ಟೋನ್ ಕತ್ತರಿಸುವ ಆಪ್‌ಗಳಲ್ಲಿ ಶುರುವಿಗೊಂದು, ಕೊನೆಗೊಂದು ಹಿಡಿ ಇರುತ್ತದೆ. ಬೆರಳಿನಲ್ಲಿ ಅವನ್ನು ಎಳೆದು ಭಾಗ ಆರಿಸಬೇಕು. ಫೇಡ್ ಎಷ್ಟು ಸೆಕೆಂಡ್ ಅಂತ ಅಂಕಿ ಹಾಕುವ ಜಾಗ ಹಲವು ಆಪ್‌ಗಳಲ್ಲಿ ಬೇರೆಯೇ ಇರುತ್ತದೆ. ದಪ್ಪ ಬೆರಳಿಗೆ ಹಿಡಿ ಸರಿಯಾಗಿ ಸಿಗದಿದ್ದರೆ ಅಲೆಯನ್ನು ದೊಡ್ಡದು ಮಾಡಿಕೊಂಡು ಎಳೆಯಿರಿ.

ಇನ್ನೊಂದು ಮಾತು. ಕೆಲವು ಫೋನುಗಳಲ್ಲಿ ರಿಂಗ್ ತಾನಾಗೇ ಸಣ್ಣದಾಗಿ ಶುರುವಾಗಿ ಏರುವ ವ್ಯವಸ್ಥೆ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಅದು ಚಾಲೂ ಇದ್ದು, ನಿಮ್ಮ ತುಣುಕಿಗೂ ಉದ್ದದ ಫೇಡ್ ಇನ್ ಇದ್ದರೆ ಎರಡೂ ಸೇರಿ ಮೊದಲ ಐದಾರು ಸೆಕೆಂಡ್ ಏನೂ ಕೇಳಿಸುವುದಿಲ್ಲ. ತಾತನ ಫೋನಿನಲ್ಲಿ ಅದೂ ಚಾಲೂ ಇತ್ತು. ಆರಿಸಿದೆವು.

ಹೊಸ ಫೈಲ್ ಹಾಕಿ ಕೊಟ್ಟೆವು. ಈ ಸಲ ದನಿ ಅಂಗಳದಾಚೆಗೂ ಕೇಳಿಸಿತು. ತಾತ ಪೂರ್ತಿ ಕೇಳಿ, ಮತ್ತೊಮ್ಮೆ ಹಾಕಿಸಿ ಕೇಳಿ, ನಮ್ಮ ಮುಖ ನೋಡಿದರು.

"ಅವಳ ನಗ ಎಲ್ಲಿ ಕಣ್ರೋ?"

ನಗು ಇದ್ದದ್ದು ತುಣುಕಿನ ಕೊನೆಯಲ್ಲಿ. ನಾವು ಎರಡು ಸೆಕೆಂಡ್ ಫೇಡ್ ಔಟ್ ಹಾಕಿದ್ದೂ ಸರಿಯಾಗಿ ಅದೇ ಕೊನೆಯ ಎರಡು ಸೆಕೆಂಡಿಗೆ. ಮೊದಲೇ ಸಣ್ಣ ದನಿಯ ನಗು, ಅದರ ಮೇಲೆ ಇಳಿಕೆ. ಸೌಟು ಬಿದ್ದದ್ದು ಕೇಳಿಸುತ್ತಿತ್ತು, ನಗು ಕರಗಿಹೋಗಿತ್ತು. ಫೇಡ್ ಔಟ್ ಅಂದರೆ ಹಾಡಿನ ಆ ಭಾಗವನ್ನು ಬಿಟ್ಟುಕೊಟ್ಟ ಹಾಗೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ. ಅದನ್ನು ಹಾಕಬೇಕಾದದ್ದು ಹೋದರೂ ಪರವಾಗಿಲ್ಲ ಅನ್ನಿಸುವ ಜಾಗಕ್ಕೆ. ಎಳೆದ ಸ್ವರ, ವಾದ್ಯದ ಕೊನೆ, ಇಂಥದ್ದಕ್ಕೆ.

ನಗು ಮುಗಿಯುವುದು 2 ನಿಮಿಷ 8ನೇ ಸೆಕೆಂಡಿಗೆ, ತುಣುಕು ಮುಗಿಯುವುದು 8.5ಕ್ಕೆ. ನಡುವಿನ ಅರ್ಧ ಸೆಕೆಂಡಿನಲ್ಲಿ ಒಲೆಯ ಸದ್ದು ಬಿಟ್ಟರೆ ಏನೂ ಇಲ್ಲ. ಫೇಡ್ ಔಟನ್ನು ಆ ಅರ್ಧ ಸೆಕೆಂಡಿಗೆ ಮಾತ್ರ ಹಾಕಿದೆವು. ಟಕ್ ಸದ್ದು ಹೋಗುವುದಕ್ಕೆ ಅಷ್ಟೂ ಬೇಡ, ಅದರ ಹತ್ತನೇ ಒಂದು ಪಾಲು ಸಾಕು. ನಗು ವಾಪಸ್ ಬಂತು. ತಾತನಿಗೆ ಖುಷಿಯೋ ಖುಷಿ. ನಮಗೂ.

ನಾಲ್ಕು ದಿನ ಕಳೆಯಿತು. ಮತ್ತೆ ಮಗಳ ಫೋನ್. ಈ ಸಲ ರೇಗಲಿಲ್ಲ, ಒಗಟು ಹೇಳಿದ ಹಾಗೆ ಹೇಳಿದಳು. "ಅಪ್ಪ ಎತ್ತುತ್ತಾರೆ ಅನ್ನುವಷ್ಟರಲ್ಲಿ ಕಟ್ ಆಗುತ್ತೆ. ದಿನಾ ಹೀಗೇ. ಎರಡನೇ ಸಲ ಮಾಡಿದ್ರೂ ಹೀಗೇ. ಒಂದ್ಸಲ ಎತ್ತಿದ್ರು, ಎತ್ತಿ ತಕ್ಷಣ ಕಟ್ ಆಯ್ತು. ನೆಟ್‌ವರ್ಕ್ ಸಮಸ್ಯೆನಾ?"

ನೆಟ್‌ವರ್ಕ್ ಅಲ್ಲ ಅಂತ ನಮಗೆ ಗೊತ್ತಾದದ್ದು ತಾತನ ಜಗಲಿಯ ಮೇಲೆ ಕುಳಿತಿದ್ದಾಗ. ಫೋನ್ ಅವರ ಅಂಗೈಯಲ್ಲೇ ಇತ್ತು. ಮಗಳದೇ ಕರೆ ಬಂತು. ಅಜ್ಜಿ ಸೊಲ್ಲು ಎತ್ತಿದರು. ತಾತ ಎತ್ತಲಿಲ್ಲ. ಹೆಂಗಸರು ಸೊಲ್ಲು ತಿರುಗಿ ಹೇಳಿದರು. ತಾತ ಎತ್ತಲಿಲ್ಲ. ಫೋನನ್ನೇ ನೋಡುತ್ತಾ ಕುಳಿತಿದ್ದರು. ಸೌಟು ಬಿತ್ತು, ಅಜ್ಜಿ ನಕ್ಕರು, ತಾತನ ಹೆಬ್ಬೆರಳು ಆಗ ಹಸಿರು ಗುಂಡಿ ಹುಡುಕತೊಡಗಿತು. ಅಷ್ಟರಲ್ಲಿ ಕಟ್.

ಲೆಕ್ಕ ಹಾಕಿದರೆ ಹಾಗಾಗದೆ ಇನ್ನು ಹೇಗಾದೀತು. ತುಣುಕಿನಲ್ಲಿ ನಗು ಬರುವುದು 25.5 ಸೆಕೆಂಡಿಗೆ, ಮುಗಿಯುವುದು 27ಕ್ಕೆ. ಫೋನ್ ನಿಲ್ಲುವುದು 30ಕ್ಕೆ. ಎಪ್ಪತ್ತು ದಾಟಿದ ಬೆರಳಿಗೆ ನಾವು ಬಿಟ್ಟದ್ದು ಮೂರೇ ಸೆಕೆಂಡ್.

ತಾತ ನಾಚಿಕೊಂಡರು. "ಕೇಳಿ ಎತ್ತಾನಾ ಅಂತ ಅಷ್ಟೇ ಕಣ್ರಪ್ಪಾ. ಅವಳು ಮತ್ತೆ ಮಾಡ್ತಾಳಲ್ಲ, ಮಗಳು" ಅಂದರು.

ನಗು ತೆಗೆದುಬಿಡಿ ಅಂತ ಮಗಳು ಹೇಳಬಹುದಿತ್ತು. ನಮ್ಮಲ್ಲೇ ಒಬ್ಬ ಹಾಗೆ ಹೇಳಿದ. ರಾತ್ರಿ ಹೊತ್ತು ಏನಾದರೂ ಆಗಿ ಯಾರಾದರೂ ಕರೆ ಮಾಡಿದಾಗಲೂ ತಾತ ಹೀಗೇ ಕುಳಿತುಬಿಟ್ಟರೆ ಗತಿ ಏನು ಅಂತ ಅವನ ವಾದ. ಅದು ಸುಳ್ಳಲ್ಲ. ಆದರೆ ನಗು ತೆಗೆದ ತುಣುಕು ಕೊಟ್ಟರೆ ತಾತ ಬೇಡ ಅನ್ನುವುದಿಲ್ಲ, ಸುಮ್ಮನೆ ತೆಗೆದುಕೊಂಡು ಹೋಗುತ್ತಾರೆ, ಅದೇ ಕಷ್ಟ. ಸ್ವಲ್ಪ ಹೊತ್ತು ಜಗಳವಾಡಿದ ಮೇಲೆ ಹೊಳೆದದ್ದು ಎಷ್ಟು ಸರಳ ಅಂದರೆ ಮೊದಲ ದಿನವೇ ಹೊಳೆಯಬೇಕಿತ್ತು. ನಗು ಕೊನೆಗೇ ಯಾಕೆ ಇರಬೇಕು? ತುಣುಕು ನಗುವಿನಿಂದಲೇ ಶುರುವಾಗಲಿ.

ಮೂಲ ಫೈಲನ್ನು ನಾವು ಮುಟ್ಟಿರಲಿಲ್ಲ, ಪ್ರತಿ ಸಲ ನಕಲಿನ ಮೇಲೆ ಕೆಲಸ ಮಾಡಿ ಬೇರೆ ಹೆಸರು ಕೊಡುತ್ತಿದ್ದೆವು. ನಾವು ಮಾಡಿದ ಒಂದೇ ಜಾಣತನ ಅದು. ಮತ್ತೆ 4 ನಿಮಿಷ 12 ಸೆಕೆಂಡಿನ ಹಾಡು ತೆರೆದು, 2 ನಿಮಿಷ 6.4 ಸೆಕೆಂಡಿನಿಂದ ಹಿಡಿದೆವು. ನಗು ಶುರುವಾಗುವುದು 6.5ಕ್ಕೆ. ಅಲ್ಲಿಂದ ನಗು, ಆಮೇಲೆ ಅಜ್ಜಿಯ ಸೊಲ್ಲು, ಆಮೇಲೆ ಹೆಂಗಸರು ಅದನ್ನು ಎತ್ತಿಕೊಂಡು ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆಯುವವರೆಗೆ. 2 ನಿಮಿಷ 31.9 ಸೆಕೆಂಡಿಗೆ ನಿಲ್ಲಿಸಿದೆವು. ಒಟ್ಟು 25.5.

ಈಗ ತೊಡಕು ಶುರುವಿನಲ್ಲಿ. ಮೊದಲಿನ ಹಾಗೆ ಒಂದು ಸೆಕೆಂಡ್ ಫೇಡ್ ಇನ್ ಹಾಕಿದರೆ ಒಂದೂವರೆ ಸೆಕೆಂಡಿನ ನಗುವಿನ ಬಹುಪಾಲು ಅದರ ಹೊಟ್ಟೆಗೆ ಹೋಗುತ್ತದೆ. ಅದಕ್ಕೇ 0.1 ಸೆಕೆಂಡ್ ಬಿಟ್ಟು ಹಿಡಿದದ್ದು. ಅಲ್ಲಿ ನಗು ಇನ್ನೂ ಶುರುವಾಗಿಲ್ಲ, ಹಿತ್ತಲಿನ ಗದ್ದಲ ಮಾತ್ರ. ಚಿತ್ರವನ್ನು ದೊಡ್ಡದು ಮಾಡಿಕೊಂಡು ಆ 0.1 ಸೆಕೆಂಡಿಗೆ ಮಾತ್ರ ಬಣ್ಣ ಹಿಡಿದು ಫೇಡ್ ಇನ್ ಹಾಕಿದೆವು. ಕಿವಿಗೆ ಏರಿಕೆ ಅಂತ ಗೊತ್ತಾಗುವುದೇ ಇಲ್ಲ, ಟಕ್ ಮಾತ್ರ ಇಲ್ಲ. ಕೊನೆಗೆ ಎಳೆದ ಅಕ್ಷರದ ಮೇಲೆ ಎರಡು ಸೆಕೆಂಡ್ ಫೇಡ್ ಔಟ್. ಅಲ್ಲಿ ಅದು ಹೇಳಿ ಮಾಡಿಸಿದ ಹಾಗೆ ಕೂತಿತು, ಹೆಂಗಸರೆಲ್ಲ ಹಾಡುತ್ತಾ ದೂರ ನಡೆದುಹೋದ ಹಾಗೆ.

ನಗು ಇನ್ನೂ ಸಣ್ಣದಿತ್ತು. ಹಾಡಿನ ಮುಂದೆ ಅದರ ಅಲೆ ಕಾಲು ಭಾಗದಷ್ಟು ಇರಲಿಲ್ಲ. ಫೋನಿನ ಮೊದಲ ಸದ್ದೇ ಅದಾದರೆ ತೋಟದಲ್ಲಿ ಮತ್ತೆ ಕೇಳಿಸುವುದಿಲ್ಲ. ನಗುವಿನಷ್ಟಕ್ಕೆ ಬಣ್ಣ ಹಿಡಿದು `Amplify` ಅನ್ನುವುದರಲ್ಲಿ 6 ಡೆಸಿಬಲ್ ಏರಿಸಿದೆವು. 6 ಅಂದರೆ ಅಲೆಯ ಎತ್ತರ ಹೆಚ್ಚುಕಡಿಮೆ ಎರಡರಷ್ಟು. ಇನ್ನೂ ಏರಿಸಲು ಜಾಗ ಇತ್ತು. ಆದರೆ ನಗುವಿನ ಜೊತೆಗೆ ಪಾತ್ರೆಯ ಸದ್ದು, ಒಲೆಯ ಸದ್ದು ಎಲ್ಲ ಏರುತ್ತದೆ. 12 ಹಾಕಿ ನೋಡಿದಾಗ ಅಜ್ಜಿ ನಗುವುದಕ್ಕಿಂತ ಜೋರಾಗಿ ಒಲೆ ಉರಿಯುತ್ತಿತ್ತು. 6ಕ್ಕೇ ಬಿಟ್ಟೆವು. ಕೇಳಿಸದಿದ್ದರೂ ಹಿಂದೆಯೇ ಸೊಲ್ಲು ಬರುತ್ತದಲ್ಲ, ಅದು ಎಚ್ಚರಿಸುತ್ತದೆ.

ದನಿ ಅನ್ನುವಾಗ ಇದನ್ನೂ ಹೇಳಬೇಕು. ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸ್ವರ ಬರುವುದಿಲ್ಲ. ಪಕ್ಕದ ಬೀದಿಯ ಹುಡುಗನೊಬ್ಬ ಡೊಳ್ಳಿನ ತುಣುಕು ರಿಂಗ್‌ಟೋನ್ ಮಾಡಿಸಿಕೊಂಡು ಹೋಗಿ, ಬರೀ ಟಿಕ್ ಟಿಕ್ ಅನ್ನುತ್ತೆ ಅಂತ ವಾಪಸ್ ಬಂದಿದ್ದ. ಡೊಳ್ಳಿನ ಗುಡುಗು ಫೈಲಿನಲ್ಲಿ ಇತ್ತು, ಸ್ಪೀಕರಿನಲ್ಲಿ ಇರಲಿಲ್ಲ. ಕೋಲು ತಾಗುವ ಸದ್ದು ಮಾತ್ರ ಉಳಿದಿತ್ತು. ಹಾಗೆ ನೋಡಿದರೆ ಹೆಂಗಸರ ದನಿ, ಕೊಳಲು, ನಾಗಸ್ವರ ಇಂಥವು ಫೋನಿಗೆ ಒಗ್ಗುತ್ತವೆ. ಯಾವ ತುಣುಕನ್ನೇ ಮಾಡಿ, ಹೆಡ್‌ಫೋನ್ ತೆಗೆದು ಫೋನಿನ ಸ್ಪೀಕರಿನಲ್ಲೇ ಕೇಳಿ ನೋಡಿ, ಅದೂ ಹತ್ತು ಹೆಜ್ಜೆ ದೂರ ನಿಂತು. ನಾವು ಈ ಸಲ ಹಾಗೇ ಮಾಡಿದೆವು. ಫೋನ್ ಜಗಲಿಯ ಮೇಲೆ, ಒಬ್ಬ ಹಿತ್ತಲಲ್ಲಿ, ಒಬ್ಬಳು ಬಾವಿಯ ಹತ್ತಿರ.

ಉಳಿಸುವಾಗ ಬೇಕಾದ ಭಾಗಕ್ಕೆ ಬಣ್ಣ ಇಟ್ಟುಕೊಂಡು `Export Selected Audio` ಅನ್ನುವುದನ್ನೇ ಬಳಸಿದೆವು. ಆಗ ಬಣ್ಣ ಇದ್ದ ಭಾಗ ಮಾತ್ರ ಹೊಸ ಫೈಲಾಗುತ್ತದೆ. ಕೀಪ್ಯಾಡ್ ಫೋನಿಗಾದರೆ ಎಂಪಿ3 ಒಳ್ಳೆಯದು, ಬೇರೆ ಬಗೆಯ ಫೈಲುಗಳನ್ನು ಕೆಲವು ಸೆಟ್ಟುಗಳು ಗುರುತಿಸುವುದಿಲ್ಲ. ಆಂಡ್ರಾಯ್ಡ್ ಫೋನಿನವರು ಫೈಲನ್ನು ಫೋನಿನ ಒಳಗಿನ `Ringtones` ಫೋಲ್ಡರಿಗೆ ಹಾಕಿದರೆ ಸೆಟ್ಟಿಂಗ್‌ನ ರಿಂಗ್‌ಟೋನ್ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ. ಮೆಮೊರಿ ಕಾರ್ಡಿನಲ್ಲಿಟ್ಟರೆ ಕಾರ್ಡ್ ತೆಗೆದ ದಿನ ಹಾಡೂ ಹೋಗುತ್ತದೆ. ತಾತನ ಫೋನಿನೊಳಗೆ ಜಾಗ ಇರಲಿಲ್ಲ, ಕಾರ್ಡಿಗೇ ಹಾಕಬೇಕಾಯಿತು. ಕಾರ್ಡ್ ತೆಗೆಯಬೇಡಿ ಅಂತ ಹೇಳಿದ್ದಕ್ಕೆ ಅವರು ಫೋನಿನ ಹಿಂಬದಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡಿದ್ದಾರೆ.

ಹೊಸ ತುಣುಕು ಹಾಕಿಕೊಟ್ಟ ಸಂಜೆ ಮಗಳಿಗೆ ಫೋನ್ ಮಾಡಲು ಹೇಳಿದೆವು. ಅಜ್ಜಿ ನಕ್ಕರು. ತಾತನೂ ನಕ್ಕರು. ಸೊಲ್ಲಿನ ಎರಡನೇ ಪದ ಮುಗಿಯುವಷ್ಟರಲ್ಲಿ ಹಸಿರು ಗುಂಡಿ ಒತ್ತಿ ಹಲೋ ಅಂದಿದ್ದರು. ಕೆಲಸದಲ್ಲಿ ಕೈ ಬಿಡುವಿಲ್ಲದೆ ಎತ್ತದಿದ್ದರೆ, 25.5 ಸೆಕೆಂಡ್ ಮುಗಿದು ತುಣುಕು ಮತ್ತೆ ಮೊದಲಾಗುತ್ತದೆ, 30 ಆಗುವುದರೊಳಗೆ ನಗು ಇನ್ನೊಂದು ಸಲ ಬರುತ್ತದೆ. ಇದು ನಾವು ಲೆಕ್ಕ ಹಾಕಿ ಮಾಡಿದ್ದಲ್ಲ, ತಾನಾಗಿ ಬಂದದ್ದು. ತಾತ ಅದನ್ನು ಎರಡೇ ದಿನದಲ್ಲಿ ಕಂಡುಹಿಡಿದರು. ಮಗಳ ಹತ್ತಿರ ಇನ್ನೂ ಆಗೀಗ ಬೈಸಿಕೊಳ್ಳುತ್ತಾರೆ.

ಆಮೇಲೆ ಮಗಳು ತನಗೂ ಒಂದು ಬೇಕು ಅಂದಳು. ಪೂರ್ತಿ ಹಾಡನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ತಾತನ ತುಣುಕನ್ನೂ ಕಳಿಸಿದೆವು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬರೆದಳು, "ನಗು ಬೇಡ. ಆಫೀಸಲ್ಲಿ ಅದು ಬಂದ್ರೆ ನನ್ ಕೈಲಿ ಆಗಲ್ಲ. ಹಾಡು ಮಾತ್ರ, ಮೆಲ್ಲಗೆ ಶುರು ಆಗ್ಲಿ." ಅವಳ ಫೋನ್ ಯಾವಾಗಲೂ ಕೈಯಲ್ಲೇ ಇರುತ್ತದೆ, ದೂರಕ್ಕೆ ಕೇಳಿಸಬೇಕಿಲ್ಲ. ಅವಳಿಗೆ 1 ನಿಮಿಷ 41ನೇ ಸೆಕೆಂಡಿನ ಸೊಲ್ಲಿನಿಂದ ಹಿಡಿದು, ಸೌಟು ಬೀಳುವ ಮುಂಚೆಯೇ ನಿಲ್ಲಿಸಿ, ಮೊದಲಿಗೆ ಮೂರು ಸೆಕೆಂಡ್ ಉದ್ದದ ಫೇಡ್ ಇನ್ ಹಾಕಿ ಕಳಿಸಿದೆವು.